40 ಗಂಟೆಯ ಹುಟ್ಟುಹಬ್ಬ: ಅಜ್ಜಿಯ ವಿಡಿಯೊಗೆ ಸ್ಕ್ರಿಪ್ಟ್

ಒಟ್ಟು 6 ನಿಮಿಷದೊಳಗೆ ಮುಗಿಯಬೇಕು. ನವೆಂಬರ್ 16, 2025, ಭಾನುವಾರ ಸಂಜೆ ಟಿವಿಯಲ್ಲಿ ಹಾಕುವ ಕೆಲಸ ತಾತನದು. ಅಲ್ಲಿಯವರೆಗೆ ಅಜ್ಜಿಗೆ ಸುಳಿವೂ ಸಿಗಬಾರದು. ತಾತ, ಇದು ನಿಮಗೇ ಹೇಳಿದ್ದು.

ಕ್ಲಿಪ್‌ಗಳನ್ನು ವಯಸ್ಸಿನ ಪ್ರಕಾರ ಜೋಡಿಸಿಲ್ಲ. ಹುಟ್ಟುಹಬ್ಬ ಯಾವ ಊರಿಗೆ ಮೊದಲು ಬರುತ್ತದೋ ಆ ಊರಿನವರು ಮೊದಲು.

0:00 – ರಟ್ಟು

(ದೃಶ್ಯ: ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿದ ರಟ್ಟು. ತಾತ ಕದ್ದು ತೆಗೆದ ವಿಡಿಯೊ, ಕೈ ಸ್ವಲ್ಪ ನಡುಗಿದೆ. ಹಾಗೇ ಇರಲಿ. ಅಜ್ಜಿಯ ಪೆನ್ಸಿಲ್ ಅಕ್ಷರ: "ಮೆಲ್ಬರ್ನ್ – 5.30 ಕೂಡು. ದುಬೈ – 1.30 ಕಳೆ. ಲಂಡನ್ – 5.30 ಕಳೆ. ಟೊರಾಂಟೊ – 10.30 ಕಳೆ." ಟೊರಾಂಟೊ ಅಂಕಿಯ ಹತ್ತಿರ ಹೋಗಬೇಕು. ಅಳಿಸಿ ಅಳಿಸಿ ಅಲ್ಲಿ ರಟ್ಟಿನ ಮೇಲ್ಪದರವೇ ಎದ್ದಿದೆ.)

ನನ್ನ ದನಿ: ಅಜ್ಜಿ, ಈ ರಟ್ಟು ಗೊತ್ತಲ್ವಾ? ಯಾರಿಗೆ ಯಾವಾಗ ಫೋನ್ ಮಾಡಬೇಕು ಅಂತ ನೀವು ಹಾಕಿಟ್ಟ ಲೆಕ್ಕ. ಈಗ ಅದೇ ರಟ್ಟು ಇಟ್ಟುಕೊಂಡು ನಾನೊಂದು ಲೆಕ್ಕ ಮಾಡಿದ್ದೀನಿ. ಮೆಲ್ಬರ್ನ್‌ನಲ್ಲಿ ನಿಮ್ಮ ಹುಟ್ಟುಹಬ್ಬ ಶುರುವಾಗುವಾಗ ನಮ್ಮಲ್ಲಿ ಇನ್ನೂ ಶನಿವಾರ ಸಂಜೆ ಆರೂವರೆ. ಟೊರಾಂಟೊದಲ್ಲಿ ಮುಗಿಯುವಾಗ ನಮಗೆ ಸೋಮವಾರ ಬೆಳಿಗ್ಗೆ ಹತ್ತೂವರೆ. ಒಟ್ಟು 40 ಗಂಟೆ. ಮೂವತ್ತು ವರ್ಷ ಗಣಿತ ಪಾಠ ಮಾಡಿದವರು ನೀವು, ತಪ್ಪಿದ್ದರೆ ಹೇಳಿ.

(ಪರದೆಯ ಮೇಲೆ: 75)

0:50 – ಮೆಲ್ಬರ್ನ್

(ರಾತ್ರಿ ಎಂಟು, ಕಿಟಕಿಯಾಚೆ ಇನ್ನೂ ಬೆಳಕು. ಫೋನ್ ಪುಟ್ಟನ ಕೈಯಲ್ಲಿದೆ. ಮೊದಲ ನಾಲ್ಕು ಸೆಕೆಂಡು ಬರೀ ಮೂಗು. ಕತ್ತರಿಸುವುದಿಲ್ಲ.)

ಪುಟ್ಟ: ಅಜ್ಜಿ! ನನ್ನ ಹಲ್ಲು ಬಿತ್ತು, ನೋಡು. ಇಲ್ಲಿ. ಇಲ್ಲೀ. ಹ್ಯಾಪಿ ಬರ್ತ್‌ಡೇ ನಮ್ಮ ಮನೆಗೆ ಮೊದಲು ಬರುತ್ತೆ, ಅದಕ್ಕೆ ನಾನೇ ಫಸ್ಟ್.

ಚಿಕ್ಕಮ್ಮ: ಅಮ್ಮ, ಇವನಿಗೆ ಕಲಿಸಿದ್ದೆಲ್ಲ ಬಿಟ್ಟು ಹಲ್ಲಿನ ಸುದ್ದಿ ಹೇಳುತ್ತಿದ್ದಾನೆ. ನಾನು ಜಾಸ್ತಿ ಮಾತಾಡಿದರೆ ಅಳು ಬರುತ್ತೆ, ಅದಕ್ಕೆ ಒಂದೇ ವಿಷಯ. ಅಕ್ಟೋಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತಲ್ಲ, ಈ ಸಲವೂ ನನಗೆ ಮರೆತೇ ಹೋಗಿತ್ತು. ನೀನು ಫೋನ್ ಮಾಡಿ "ಮುಂದಕ್ಕೆ ತಿರುಗಿಸಿದ್ಯಾ?" ಅಂದೆ. ಅಷ್ಟು ದೂರ ಕೂತು ನನ್ನ ಮನೆಯ ಗಡಿಯಾರ ಸರಿ ಮಾಡುತ್ತೀಯಲ್ಲೇ! ನೂರು ವರ್ಷ ಚೆನ್ನಾಗಿರು ಅಮ್ಮ.

1:45 – ಪುಣೆ

(ಚಿಕ್ಕ ತಾತನಿಗೆ ಫೋನ್ ಅಡ್ಡ ಹಿಡಿಯಿರಿ ಅಂತ ಮೂರು ಸಲ ಹೇಳಿದೆ. ಕೊನೆಗೆ ಅವರೇ ಅಡ್ಡ ಮಲಗಿ ಕಳಿಸಿದ್ದಾರೆ. ತಿರುಗಿಸಿ ಹಾಕಿದ್ದೀನಿ.)

ಚಿಕ್ಕ ತಾತ: ಅಕ್ಕ, ನಮಸ್ಕಾರ. ನಿನ್ನ ರಟ್ಟಿನ ಫೋಟೊ ನೋಡಿದೆ. ಎಲ್ಲರಿಗೂ ಒಂದೊಂದು ಸಾಲು ಇದೆ, ನನಗೆ ಇಲ್ಲ! ಸ್ವಂತ ತಮ್ಮ ಕಣೇ ನಾನು. ಸರಿ, ನಮ್ಮಿಬ್ಬರದೂ ಒಂದೇ ಟೈಮು, ಕೂಡೋದೂ ಇಲ್ಲ ಕಳೆಯೋದೂ ಇಲ್ಲ, ಒಪ್ಪಿದೆ. ಹಾಗಂತ ಬೆಳಿಗ್ಗೆ ಐದಕ್ಕೆಲ್ಲ ಫೋನ್ ಮಾಡಬಹುದಾ? ಮೊನ್ನೆ ಎತ್ತಿದರೆ "ಸುಮ್ನೆ ಮಾಡಿದೆ" ಅಂತೀಯ. ಮಾಡು, ಮಾಡುತ್ತಲೇ ಇರು. ಎಪ್ಪತ್ತೈದಾದರೂ ದನಿ ಮಾತ್ರ ನನ್ನ ಕಿವಿ ಹಿಂಡುತ್ತಿದ್ದಾಗ ಹೇಗಿತ್ತೋ ಹಾಗೇ ಇದೆ.

2:35 – ದುಬೈ

(ಮಾಮ ಕಾರಿನಲ್ಲಿ ಕೂತಿದ್ದಾರೆ. ಕಾರು ನಿಂತಿದೆ, ಅಜ್ಜಿ ಗಾಬರಿಯಾಗಬಾರದು ಅಂತ ಪರದೆಯ ಕೆಳಗೆ "ಕಾರು ನಿಂತಿದೆ" ಅಂತ ಬರೆದಿದ್ದೀನಿ.)

ಮಾಮ: ದೊಡ್ಡಮ್ಮ, ಹುಟ್ಟುಹಬ್ಬದ ಶುಭಾಶಯ. ನಮ್ಮಲ್ಲಿ ವರ್ಷಪೂರ್ತಿ ಒಂದೇ ಟೈಮು, ನಿಮಗೆ ರಬ್ಬರ್ ಹಿಡಿಯೋ ಕೆಲಸ ಕೊಡದ ಒಬ್ಬನೇ ಮಗ ನಾನು. ನೆನಪಿಟ್ಟುಕೊಳ್ಳಿ!

2:55 – ಲಂಡನ್

(ನಾಲ್ಕೂವರೆಗೇ ಕತ್ತಲು. ಅಣ್ಣ ಬಸ್ ಸ್ಟಾಪಿನಲ್ಲಿದ್ದಾನೆ. ಗಾಳಿಯ ಸದ್ದಿಗೆ ಮಾತು ಕೇಳಿಸುವುದಿಲ್ಲ, ಹಾಗಾಗಿ ಕೆಳಗೆ ಅಕ್ಷರ ಬರಬೇಕು, ದೊಡ್ಡದಾಗಿ.)

ಅಣ್ಣ: ಅಜ್ಜಿ, ನಾನು ಬಂದ ಮೊದಲ ವಾರ ನೆನಪಿದೆಯಾ? ಊಟಕ್ಕೆ ಒಬ್ಬನೇ ಕೂರೋಕೆ ಆಗುತ್ತಿಲ್ಲ ಅಂದಿದ್ದೆ. ನೀವು ಏನೂ ಸಮಾಧಾನ ಹೇಳಲಿಲ್ಲ. ಮಾರನೇ ದಿನದಿಂದ ನನ್ನ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್. ಫೋನನ್ನು ಯಾವುದಕ್ಕೋ ಒರಗಿಸಿಟ್ಟು ನೀವು ಪದಬಂಧ ಬಿಡಿಸುತ್ತಿದ್ದಿರಿ, ನಾನು ಉಣ್ಣುತ್ತಿದ್ದೆ. ಮಾತೇ ಇಲ್ಲ. ಎಷ್ಟೋ ದಿನ ಆದ ಮೇಲೆ ನಾನು ಲೆಕ್ಕ ಹಾಕಿದೆ, ನಿಮಗೆ ಆಗ ರಾತ್ರಿ ಒಂದೂವರೆ. ನಿದ್ದೆ ಬರಲ್ಲ ಕಣೋ ಅಂತ ಹೇಳಿದ್ದಿರಿ. ಬಸ್ ಬಂತು ಅಜ್ಜಿ. ಹ್ಯಾಪಿ ಬರ್ತ್‌ಡೇ!

(ಇಲ್ಲಿ ಸಂಗೀತ ಬೇಡ. ಬಸ್ಸಿನ ಬಾಗಿಲ ಸದ್ದೇ ಸಾಕು.)

3:45 – ಟೊರಾಂಟೊ

(ದೊಡ್ಡ ಮಾವ 11 ನಿಮಿಷ ಮಾತಾಡಿದ್ದಾರೆ. ಉಳಿದದ್ದು ಬೇರೆ ಫೈಲಿನಲ್ಲಿದೆ, ಅಜ್ಜಿ ಕೇಳಿಯೇ ಕೇಳುತ್ತಾರೆ.)

ದೊಡ್ಡ ಮಾವ: ಅಮ್ಮ, ನಾನೇ ಕೊನೆಯವನಂತೆ. ಇರಲಿ. ನಾನಿಲ್ಲಿಗೆ ಬಂದದ್ದು 2003ರಲ್ಲಿ. ಆಗ ಕಾಲಿಂಗ್ ಕಾರ್ಡ್. ಹಿಂದಿನ ಬೆಳ್ಳಿ ಬಣ್ಣ ಕೆರೆದು, ಆ ಉದ್ದ ನಂಬರ್ ಒತ್ತಿ, ಲೈನ್ ಸಿಕ್ಕಿದರೆ ನೀನು "ಊಟ ಆಯ್ತಾ, ಚಳಿ ಇದೆಯಾ" ಇಷ್ಟೇ. "ಇನ್ನು ಒಂದು ನಿಮಿಷ ಬಾಕಿ" ಅಂತ ಇಂಗ್ಲಿಷಿನಲ್ಲಿ ಆ ಹೆಂಗಸು ಹೇಳಬೇಕು, ಆಗ ನೀನು ಮುಖ್ಯ ವಿಷಯ ತೆಗೆಯುತ್ತಿದ್ದೆ. ಅಪ್ಪನ ಕಣ್ಣಿನ ಆಪರೇಷನ್ ಸುದ್ದಿ ನನಗೆ ಗೊತ್ತಾಗಿದ್ದು ಅರ್ಧ ವಾಕ್ಯದಲ್ಲಿ! "ನಿನ್ನಪ್ಪಂಗೆ ನಾಳೆ ಆಪರೇ..." ಕಟ್. ಅವತ್ತೇ ಓಡಿಹೋಗಿ ಇನ್ನೊಂದು ಕಾರ್ಡ್ ತಂದೆ.

ಈಗ ಕಾರ್ಡೂ ಇಲ್ಲ, ನಿಮಿಷದ ಲೆಕ್ಕವೂ ಇಲ್ಲ. ಆದರೂ ನೀನು "ಸರಿ, ಇಡ್ತೀನಿ" ಅಂದ ಮೇಲೇ ಮುಖ್ಯ ವಿಷಯ ಶುರು ಮಾಡುತ್ತೀಯ. ದಿನಾ ಬೆಳಿಗ್ಗೆ ಏಳಕ್ಕೆ ನನ್ನ ಫೋನ್ ಬಡಿದುಕೊಳ್ಳುತ್ತೆ. ಬೇಸಿಗೆಯಲ್ಲಿ ನಿನಗೆ ಸಂಜೆ ನಾಲ್ಕೂವರೆ, ಈಗ ಐದೂವರೆ. ನನಗೆ ಮಾತ್ರ ಯಾವತ್ತೂ ಏಳೇ. ಅಲಾರಂ ಇಡೋದೇ ಬಿಟ್ಟಿದ್ದೀನಿ ಅಮ್ಮ. ಬರೋ ಮಾರ್ಚ್‌ನಲ್ಲಿ ಗಡಿಯಾರ ಬದಲಾಗೋ ಹೊತ್ತಿಗೆ ನಾನೇ ಅಲ್ಲಿರುತ್ತೀನಿ, ಟಿಕೆಟ್ ಆಗಿದೆ. ನನ್ನ ಸಾಲು ನಾನೇ ಅಳಿಸುತ್ತೀನಿ.

4:55 – ಎಲ್ಲರೂ

(ಪರದೆಯಲ್ಲಿ ಆರು ಚೌಕ. ಆರನೆಯದರಲ್ಲಿ ಅಮ್ಮ ಮತ್ತು ನಾನು, ಹೈದರಾಬಾದಿನಿಂದ. ಎಲ್ಲರಿಗೂ ಮೊದಲೇ ಹೇಳಿದ್ದೆ: ಕೊನೆಯ ಮಾತು ಹೇಳಿ ಹದಿನೈದು ಸೆಕೆಂಡು ಸುಮ್ಮನೆ ಕ್ಯಾಮೆರಾ ನೋಡಿ, ಆಫ್ ಮಾಡಬೇಡಿ.)

ಎಲ್ಲರೂ: ಹುಟ್ಟುಹಬ್ಬದ ಶುಭಾಶಯಗಳು! ಸರಿ, ಇಡ್ತೀವಿ!

(ಯಾರೂ ಇಡುವುದಿಲ್ಲ. ಚಿಕ್ಕಮ್ಮ ಕಣ್ಣು ಒರೆಸಿಕೊಳ್ಳುತ್ತಾರೆ. ಮಾಮ ಕನ್ನಡಿಯಲ್ಲಿ ಕೂದಲು ನೋಡಿಕೊಳ್ಳುತ್ತಾರೆ. ದೊಡ್ಡ ಮಾವ ಬರೀ ನಗುತ್ತಾರೆ.)

ಪುಟ್ಟ: ಅಮ್ಮಾ, ಇನ್ನೂ ಆಗಿಲ್ವಾ?

(ಕಪ್ಪು ಪರದೆ, ಮೂರು ಸೆಕೆಂಡು. ತಾತ, ಮುಗಿಯಿತು ಅಂತ ಟಿವಿ ಆರಿಸಬೇಡಿ. ಆಮೇಲೆ ದನಿ ಮಾತ್ರ.)

ಚಿಕ್ಕ ತಾತ: ಅಯ್ಯೋ ಅಕ್ಕ, ಮುಖ್ಯ ವಿಷಯ ಹೇಳೋದೇ ಮರೆತೆ ನೋಡು...

(ಕಟ್.)