ತಿದ್ದುಪಡಿ: ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಅಲ್ಲ (4:12)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಗೆ ಕರೆಂಟ್ ಬಂದ ಕಥೆ ಹೇಳುವ ಈ ವಿಡಿಯೋದಲ್ಲಿ, 4:12ರ ಹತ್ತಿರ, ಶಿವನಸಮುದ್ರವನ್ನು "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ" ಎಂದು ಹೇಳಿದ್ದೇನೆ. ಅದು ತಪ್ಪು.

ಶಿವನಸಮುದ್ರ ಶುರುವಾಗಿದ್ದು 1902ರಲ್ಲಿ. ಅದಕ್ಕಿಂತ ಮುಂಚೆ, 1897ರಲ್ಲೇ, ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೋಂಗ್‌ನಲ್ಲಿ ನೀರಿನಿಂದ ಕರೆಂಟ್ ಉತ್ಪಾದನೆ ಆರಂಭವಾಗಿತ್ತು. 130 ಕಿಲೋವ್ಯಾಟ್‌ನ ಪುಟ್ಟ ಕೇಂದ್ರ ಅದು. ಹಾಗಾಗಿ ಶಿವನಸಮುದ್ರ ಭಾರತಕ್ಕೂ ಮೊದಲನೆಯದಲ್ಲ. ಇನ್ನು ಏಷ್ಯಾ ಅಂದರೆ ಸಿದ್ರಾಪೋಂಗ್ ಕೂಡ ಮೊದಲಲ್ಲ: ಜಪಾನಿನ ಕ್ಯೋಟೋದಲ್ಲಿ ಕೆಆಗೆ ಕೇಂದ್ರ 1891ರಲ್ಲೇ ಕೆಲಸ ಶುರು ಮಾಡಿತ್ತು.

ಇದನ್ನು ಗಮನಿಸಿ ಬರೆದವರು ಮಳವಳ್ಳಿ ಕಡೆಯ ಒಬ್ಬ ಮೇಷ್ಟ್ರು. ಶಿವನಸಮುದ್ರ ಇರುವುದು ಅವರದೇ ತಾಲ್ಲೂಕಿನಲ್ಲಿ. ತಮ್ಮೂರಿಗೆ ಸಿಕ್ಕ ಹೊಗಳಿಕೆ, ಸುಮ್ನೆ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಅವರು ಇಸವಿ ಸಮೇತ ಬರೆದು, "ಮಕ್ಕಳು ನೋಡ್ತಾರೆ, ಸರಿ ಮಾಡಿ" ಎಂದರು. ಸರ್, ನಿಮಗೆ ಮನಸಾರೆ ಧನ್ಯವಾದ. ನಿಮ್ಮ ಕಾಮೆಂಟ್‌ಗೆ ಉತ್ತರವಾಗಿ ಕೆಲವರು ಒರಟಾಗಿ ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮೇಷ್ಟ್ರು ಹೇಳಿದ್ದೇ ಸರಿ.

ಹಾಗಂತ ಶಿವನಸಮುದ್ರದ ಕೆಲಸ ಚಿಕ್ಕದೇನಲ್ಲ. ಸಿದ್ರಾಪೋಂಗ್‌ನ ಕರೆಂಟ್ ಪಕ್ಕದ ಊರಿಗೆ ಬೆಳಕು ಕೊಟ್ಟಿತು. ಶಿವನಸಮುದ್ರದ ಕರೆಂಟ್ ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಗಿನ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ವಿದ್ಯುತ್ ಲೈನ್‌ಗಳಲ್ಲಿ ಒಂದು. ಕಾವೇರಿಯ ನೀರು ಇಲ್ಲಿ ಧುಮುಕಿದರೆ ಅಷ್ಟು ದೂರದ ಗಣಿಯಲ್ಲಿ ಯಂತ್ರ ತಿರುಗುತ್ತಿತ್ತು! ಈ ಯೋಜನೆಯ ಬೆನ್ನಿಗೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಲೈನ್ ಚಾಲೂ ಆಗಿದ್ದನ್ನು ನೋಡಲಿಲ್ಲ. ವಿಡಿಯೋದಲ್ಲಿ ಜಾಸ್ತಿ ಹೊತ್ತು ಮಾತಾಡಬೇಕಿದ್ದದ್ದು ಈ ದೂರದ ಬಗ್ಗೆ, "ಮೊದಲು" ಎಂಬುದರ ಬಗ್ಗೆ ಅಲ್ಲ.

ಬೆಂಗಳೂರಿನ ಬೀದಿ ದೀಪಗಳ ಬಗ್ಗೆ ಹೇಳಿದ 1905 ಸರಿಯಾಗಿದೆ. ಗಣಿಗೆ ಮೊದಲು, ನಮ್ಮೂರಿಗೆ ಆಮೇಲೆ. ಈ ಕ್ರಮದಲ್ಲಿ ಬದಲಾವಣೆ ಇಲ್ಲ.

ಅಪ್‌ಲೋಡ್ ಆದ ವಿಡಿಯೋದಲ್ಲಿ ಆಡಿದ ಮಾತನ್ನು ಬದಲಿಸಲು ಬರುವುದಿಲ್ಲ. ಅದಕ್ಕೇ ಡಿಸ್ಕ್ರಿಪ್ಶನ್‌ನ ಮೊದಲ ಸಾಲಿನಲ್ಲೇ ತಿದ್ದುಪಡಿ ಹಾಕಿದ್ದೇನೆ, ಥಂಬ್‌ನೇಲ್‌ನಿಂದ "ಏಷ್ಯಾದಲ್ಲೇ ಮೊದಲು" ತೆಗೆದಿದ್ದೇನೆ, ಅದೇ ಮಾತಿದ್ದ ಶಾರ್ಟ್ಸ್ ಅಳಿಸಿದ್ದೇನೆ. ಆ ಶಾರ್ಟ್ಸ್ ಡೌನ್‌ಲೋಡ್ ಮಾಡಿ ವಾಟ್ಸಾಪ್ ಗ್ರೂಪ್‌ಗೆ ಹಾಕಿದವರು ಇದನ್ನೂ ಅಲ್ಲಿಗೆ ಕಳಿಸಿ. ಮಗಳ ಶಾಲೆಯ ಪ್ರಾಜೆಕ್ಟ್‌ಗೆ ಈ ವಿಡಿಯೋ ನೋಡಿ ಬರೆಸಿದೆ ಎಂದ ತಾಯಿಯೊಬ್ಬರು ಇದ್ದಾರೆ, ಅಲ್ವಾ? ಮೇಡಂ, ಚಾರ್ಟ್ ಇನ್ನೂ ಕೊಟ್ಟಿಲ್ಲವಾದರೆ "ಏಷ್ಯಾದ ಮೊದಲ" ಎಂಬುದನ್ನು ಹೊಡೆದು, "ದೇಶದ ಆರಂಭದ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದು" ಎಂದು ಬರೆಸಿ.