3.6 ಲಿಕರ್ಟ್ ಹೇಳಿಕೆಗಳ ಮಾಪನ ಮಟ್ಟ ಮತ್ತು ವಿಶ್ಲೇಷಣೆಯ ಆಯ್ಕೆ

ನಲಿ-ಕಲಿ ಪದ್ಧತಿಯ ಬಗ್ಗೆ ಶಿಕ್ಷಕರ ಮನೋಭಾವವನ್ನು ಅಳೆಯುವ ಪ್ರಶ್ನಾವಳಿಯಲ್ಲಿ 14 ಹೇಳಿಕೆಗಳಿವೆ. ಧಾರವಾಡ ಜಿಲ್ಲೆಯ 146 ಮತ್ತು ಕೊಪ್ಪಳ ಜಿಲ್ಲೆಯ 138 ಶಿಕ್ಷಕರು, ಒಂದು ಶಾಲೆಯಿಂದ ಒಬ್ಬರಂತೆ, ಇದಕ್ಕೆ ಉತ್ತರಿಸಿದ್ದಾರೆ. 1ರಿಂದ 12ರವರೆಗಿನ ಹೇಳಿಕೆಗಳು ಸೇರಿ ಒಂದು ಮನೋಭಾವ ಮಾಪಕವಾಗುತ್ತವೆ. 13ನೆಯದು (ಕಲಿಕಾ ಕಾರ್ಡುಗಳ ಲಭ್ಯತೆ) ಮತ್ತು 14ನೆಯದು (ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ನಿಭಾಯಿಸುವ ಆತ್ಮವಿಶ್ವಾಸ) ಯಾವ ಮಾಪಕಕ್ಕೂ ಸೇರದ ಬಿಡಿ ಹೇಳಿಕೆಗಳು. ಬಿಡಿ ಹೇಳಿಕೆಗಳನ್ನು ಕ್ರಮಸೂಚಕ, ಅಂದರೆ ಆರ್ಡಿನಲ್ ದತ್ತಾಂಶವೆಂದೂ, 12 ಹೇಳಿಕೆಗಳ ಒಟ್ಟು ಅಂಕವನ್ನು (12–60) ಸರಿಸುಮಾರು ಅಂತರ ಮಟ್ಟದ, ಅಂದರೆ ಇಂಟರ್ವಲ್ ದತ್ತಾಂಶವೆಂದೂ ಈ ಅಧ್ಯಯನದಲ್ಲಿ ಪರಿಗಣಿಸಲಾಗಿದೆ. ಈ ನಿರ್ಧಾರವನ್ನು ದತ್ತಾಂಶ ಸಂಗ್ರಹಕ್ಕೆ ಮೊದಲೇ ವಿಶ್ಲೇಷಣಾ ಯೋಜನೆಯಲ್ಲಿ ಬರೆದಿಡಲಾಗಿತ್ತು.

ಉತ್ತರದ ಆಯ್ಕೆಗಳು ಐದು: ‘ಸ್ವಲ್ಪವೂ ಒಪ್ಪುವುದಿಲ್ಲ’ (1), ‘ಒಪ್ಪುವುದಿಲ್ಲ’ (2), ‘ಒಪ್ಪುತ್ತೇನೆಂದೂ ಇಲ್ಲ, ಇಲ್ಲವೆಂದೂ ಇಲ್ಲ’ (3), ‘ಒಪ್ಪುತ್ತೇನೆ’ (4), ‘ಸಂಪೂರ್ಣ ಒಪ್ಪುತ್ತೇನೆ’ (5). ‘ಗೊತ್ತಿಲ್ಲ’ ಎಂಬುದಕ್ಕೆ ಪ್ರತ್ಯೇಕ ಕಾಲಂ ಕೊಟ್ಟು, ಅದನ್ನು 3 ಎಂದು ಎಣಿಸದೆ ಉತ್ತರವಿಲ್ಲದ್ದೆಂದು ದಾಖಲಿಸಲಾಗಿದೆ. 4, 7 ಮತ್ತು 11ನೇ ಹೇಳಿಕೆಗಳು ನಕಾರಾತ್ಮಕವಾಗಿರುವುದರಿಂದ ಅವುಗಳ ಅಂಕವನ್ನು 6ರಿಂದ ಕಳೆದು ತಿರುಗಿಸಲಾಗಿದೆ.

ಬಿಡಿ ಹೇಳಿಕೆಯಲ್ಲಿ 4 ಎಂಬುದು 3ಕ್ಕಿಂತ ಹೆಚ್ಚಿನ ಒಪ್ಪಿಗೆ ಎಂಬುದಷ್ಟೇ ಖಚಿತ. ಇಲಾಖೆಯೇ ಜಾರಿಗೆ ತಂದ ಪದ್ಧತಿಯ ಬಗ್ಗೆ ಕೇಳಿದಾಗ ‘ಒಪ್ಪುತ್ತೇನೆ’ ಎಂದುಬಿಡುವುದು ಸುಲಭ, ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಲು ಮನಸ್ಸು ಗಟ್ಟಿ ಮಾಡಬೇಕು. ಹಾಗಾಗಿ 2ರಿಂದ 3ಕ್ಕಿರುವ ದೂರವೂ 4ರಿಂದ 5ಕ್ಕಿರುವ ದೂರವೂ ಒಂದೇ ಎನ್ನಲು ಆಧಾರವಿಲ್ಲ. ಸರಾಸರಿಯಂತೂ ಹಂಚಿಕೆಯನ್ನೇ ಮುಚ್ಚಿಹಾಕಬಲ್ಲದು: ಹತ್ತೂ ಜನ 4 ಕೊಟ್ಟರೂ, ಐವರು 5 ಮತ್ತು ಐವರು 3 ಕೊಟ್ಟರೂ ಬರುವ ಸರಾಸರಿ 4. ಆದ್ದರಿಂದ 13 ಮತ್ತು 14ನೇ ಹೇಳಿಕೆಗಳಿಗೆ ಐದೂ ಆಯ್ಕೆಗಳ ಶೇಕಡಾವಾರು ಹಂಚಿಕೆ, ಮಧ್ಯಾಂಕ ಮತ್ತು ಚತುರ್ಥಕಗಳನ್ನು ಕೊಡಲಾಗಿದೆ. ಸರಾಸರಿ, ಮಾನಕ ವಿಚಲನೆಗಳನ್ನು ಕೊಟ್ಟಿಲ್ಲ. ಜಿಲ್ಲೆಗಳ ಹೋಲಿಕೆಗೆ ಮಾನ್–ವಿಟ್ನಿ ಪರೀಕ್ಷೆ ಬಳಸಿ, ಎರಡು ಹೇಳಿಕೆಗಳ ಪಿ-ಮೌಲ್ಯಗಳನ್ನು ಹೋಲ್ಮ್ ವಿಧಾನದಿಂದ ಸರಿಪಡಿಸಲಾಗಿದೆ. ಮಾನ್–ವಿಟ್ನಿ ಮಧ್ಯಾಂಕಗಳ ಪರೀಕ್ಷೆಯಲ್ಲ. ಎರಡೂ ಕಡೆ ಮಧ್ಯಾಂಕ 4 ಇದ್ದಾಗಲೂ ವ್ಯತ್ಯಾಸ ಸಾರ್ಥಕವಾಗಬಹುದು. ಹೀಗಾಗಿ ಒಂದು ಜಿಲ್ಲೆಯಿಂದ ಯಾದೃಚ್ಛಿಕವಾಗಿ ಆರಿಸಿದ ಶಿಕ್ಷಕರ ಉತ್ತರ ಇನ್ನೊಂದು ಜಿಲ್ಲೆಯವರ ಉತ್ತರಕ್ಕಿಂತ ಮೇಲಿರುವ ಸಂಭವನೀಯತೆಯನ್ನು, ಸಮ ಬಂದವುಗಳನ್ನು ಅರ್ಧ ಎಣಿಸಿ, ಪರಿಣಾಮದ ಗಾತ್ರವಾಗಿ ಕೊಡಲಾಗಿದೆ. ಬೋಧನಾನುಭವವನ್ನೂ ಸೇರಿಸಿದ ಮಾದರಿಗೆ ಕ್ರಮಸೂಚಕ ಲಾಜಿಸ್ಟಿಕ್ ರಿಗ್ರೆಶನ್ ಬಳಸಿ, ಅನುಪಾತೀಯ ಆಡ್ಸ್ ಊಹೆಯನ್ನು ಪರೀಕ್ಷಿಸಲಾಗಿದೆ:

```
library(ordinal)
d$h13 <- factor(d$h13, levels = 1:5, ordered = TRUE)
m13 <- clm(h13 ~ jille + anubhava, data = d)
nominal_test(m13)
```

ಯಾವುದೇ ಆಯ್ಕೆಗೆ 10ಕ್ಕಿಂತ ಕಡಿಮೆ ಉತ್ತರಗಳು ಬಂದಲ್ಲಿ ಈ ಮಾದರಿಯಲ್ಲಿ ಮಾತ್ರ ಅದನ್ನು ಪಕ್ಕದ ಆಯ್ಕೆಯೊಂದಿಗೆ ಸೇರಿಸಲಾಗಿದೆ. ಕೋಷ್ಟಕಗಳಲ್ಲಿ ಐದೂ ಹಾಗೆಯೇ ಉಳಿದಿವೆ.

ಒಟ್ಟು ಅಂಕದ ಸ್ಥಿತಿ ಬೇರೆ. ಲಿಕರ್ಟ್ 1932ರಲ್ಲಿ ಮಂಡಿಸಿದ ವಿಧಾನವೇ ಹಲವು ಹೇಳಿಕೆಗಳ ಅಂಕಗಳನ್ನು ಕೂಡಿಸುವಂಥದ್ದು. 12 ಹೇಳಿಕೆಗಳನ್ನು ಕೂಡಿಸಿದಾಗ 49 ಸಾಧ್ಯ ಮೌಲ್ಯಗಳು ದೊರೆಯುತ್ತವೆ. ಒಂದೊಂದು ಹೇಳಿಕೆಯ ಅಸಮ ಅಂತರಗಳ ಪ್ರಭಾವವೂ ಸಾಮಾನ್ಯವಾಗಿ ತಗ್ಗುತ್ತದೆ. ಆದರೂ ಒಟ್ಟು ಅಂಕ ಅಂತರ ಮಟ್ಟದ್ದು ಎಂಬುದು ಊಹೆಯೇ ಹೊರತು ಸಾಬೀತಾದ ಗುಣವಲ್ಲ. ಅದಕ್ಕಾಗಿ ಮೂರು ಷರತ್ತುಗಳನ್ನು ಮೊದಲೇ ಇಡಲಾಗಿತ್ತು. ಪಾಲಿಕೋರಿಕ್ ಸಹಸಂಬಂಧಗಳನ್ನು ಆಧರಿಸಿದ ದೃಢೀಕರಣ ಅಂಶ ವಿಶ್ಲೇಷಣೆಯಲ್ಲಿ (`lavaan`, `ordered = TRUE`, `estimator = "WLSMV"`) ಏಕ-ಅಂಶ ಮಾದರಿ ದತ್ತಾಂಶಕ್ಕೆ ಹೊಂದಿಕೆಯಾಗಬೇಕು. ಒಟ್ಟು ಅಂಕದ ವಿಶ್ವಸನೀಯತೆ 0.70ಕ್ಕಿಂತ ಕಡಿಮೆ ಇರಬಾರದು. ಕನಿಷ್ಠ 12 ಅಥವಾ ಗರಿಷ್ಠ 60 ಅಂಕ ಪಡೆದವರು ಶೇ. 15ನ್ನು ಮೀರಬಾರದು. ಪಿಯರ್ಸನ್ ಸಹಸಂಬಂಧದ ಅಂಶ ವಿಶ್ಲೇಷಣೆಯನ್ನು ಬಳಸದಿರಲು ಕಾರಣವಿದೆ: ಉತ್ತರಗಳು ಒಂದೇ ತುದಿಗೆ ಗುಂಪುಗೂಡಿದಾಗ ಅದು ಸಂಬಂಧಗಳನ್ನು ಕುಗ್ಗಿಸಿ ತೋರಿಸುತ್ತದೆ, ಒಂದೇ ಕಡೆ ವಾಲಿದ ಹೇಳಿಕೆಗಳು ಸೇರಿ ಇಲ್ಲದ ಅಂಶವೊಂದು ಹುಟ್ಟಿಕೊಳ್ಳಬಹುದು.

ಷರತ್ತುಗಳು ಪೂರೈಸಿದರೆ ಜಿಲ್ಲೆಗಳ ಹೋಲಿಕೆಗೆ ವೆಲ್ಚ್ ಟಿ-ಪರೀಕ್ಷೆ, ಶೇ. 95 ವಿಶ್ವಾಸಾಂತರದೊಂದಿಗೆ ಸರಾಸರಿಗಳ ವ್ಯತ್ಯಾಸ. ಒಂದು ತಪ್ಪಿದರೂ ಒಟ್ಟು ಅಂಕವನ್ನು ಕ್ರಮಸೂಚಕವಾಗಿಯೇ ವಿಶ್ಲೇಷಿಸುವುದು ಎಂಬುದು ನಿಯಮ. ಹಂಚಿಕೆ ಪ್ರಸಾಮಾನ್ಯವಾಗಿದೆಯೇ ಎಂಬುದನ್ನು ಇಲ್ಲಿ ಷರತ್ತಾಗಿ ಇಟ್ಟಿಲ್ಲ: ಅದು ಟಿ-ಪರೀಕ್ಷೆಗೆ ಸಂಬಂಧಿಸಿದ ಪ್ರಶ್ನೆ, ಮಾಪನ ಮಟ್ಟವನ್ನು ಅದು ನಿರ್ಧರಿಸದು.

12ರಲ್ಲಿ ಹೆಚ್ಚೆಂದರೆ ಎರಡಕ್ಕೆ ಉತ್ತರಿಸದವರ ಒಟ್ಟು ಅಂಕವನ್ನು ಅವರೇ ಕೊಟ್ಟ ಉಳಿದ ಉತ್ತರಗಳ ಸರಾಸರಿಯನ್ನು 12ರಿಂದ ಗುಣಿಸಿ ಪಡೆಯಲಾಗಿದೆ. ಅದಕ್ಕಿಂತ ಹೆಚ್ಚು ಬಿಟ್ಟವರನ್ನು ಒಟ್ಟು ಅಂಕದ ವಿಶ್ಲೇಷಣೆಯಿಂದ ಕೈಬಿಡಲಾಗಿದೆ. ಹೀಗೆ ತುಂಬಿಸುವುದೂ ಅಂತರ ಮಟ್ಟದ ಊಹೆಯನ್ನೇ ಅವಲಂಬಿಸಿರುವುದರಿಂದ ಅಂಶ ವಿಶ್ಲೇಷಣೆಗೆ ಮೂಲ ಉತ್ತರಗಳನ್ನೇ ಬಳಸಲಾಗಿದೆ.

ಒಟ್ಟು ಅಂಕದ ಹೋಲಿಕೆಯನ್ನು ಮಾನ್–ವಿಟ್ನಿ ಪರೀಕ್ಷೆಯಿಂದಲೂ ಪುನಃ ಮಾಡಿ, ಎರಡೂ ಫಲಿತಾಂಶಗಳನ್ನು 4ನೇ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲಿ ಕೊಡಲಾಗಿದೆ. ಅವು ಬೇರೆ ಬೇರೆ ದಿಕ್ಕು ತೋರಿಸಿದಲ್ಲಿ, ಅಥವಾ ಒಂದು ಮಾತ್ರ 0.05 ಮಟ್ಟದಲ್ಲಿ ಸಾರ್ಥಕವಾದಲ್ಲಿ, ಪ್ರಾಕ್ಕಲ್ಪನೆಯ ತೀರ್ಮಾನಕ್ಕೆ ಕ್ರಮಸೂಚಕ ವಿಶ್ಲೇಷಣೆಯನ್ನೇ ಆಧಾರವಾಗಿ ತೆಗೆದುಕೊಳ್ಳಲಾಗಿದೆ.