ತರಕಾರಿ ಅಂಗಡಿ ಅಣ್ಣ, ಅಕ್ಕನಿಗೆ

ಅಣ್ಣ, ಅಕ್ಕ,

ನೀವೆಲ್ಲ ಊರಿಗೇ ವಾಪಸ್ ಹೊರಟಿರುವುದು ನಿನ್ನೆ ಸಂಜೆಯಷ್ಟೇ ಗೊತ್ತಾಯಿತು. ಎದುರಿಗೆ ನಿಂತು ಮಾತಾಡಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಈ ಚೀಟಿ.

ಹನ್ನೊಂದು ವರ್ಷದಲ್ಲಿ ನಿಮ್ಮ ತಕ್ಕಡಿಯನ್ನು ನಾನು ಒಂದು ಸಲವೂ ಬಗ್ಗಿ ನೋಡಲಿಲ್ಲ. ನೋಡುವ ಅಗತ್ಯವೇ ಬರಲಿಲ್ಲ. ಬೆಂಡೆಕಾಯಿಯ ತುದಿ ಮುರಿದು ಎಳಸು ನೋಡುವುದನ್ನು ಕಲಿಸಿದ್ದು ಅಕ್ಕ. "ಇವತ್ತು ಬೀನ್ಸ್ ಬೇಡ ಮೇಡಂ, ನಾರು ಜಾಸ್ತಿ" ಅಂತ ತನ್ನ ಮಾಲನ್ನೇ ಬೇಡ ಅನ್ನುವವರು ಇನ್ಯಾರು ಸಿಗುತ್ತಾರೆ, ಹೇಳಿ?

ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದ ವಾರ, ದಿನಾ ಬೆಳಿಗ್ಗೆ ಗೇಟಿಗೆ ತರಕಾರಿ ಚೀಲ ನೇತುಹಾಕಿ ಹೋಗುತ್ತಿದ್ದಿರಿ. ಬೆಲ್ ಕೂಡ ಮಾಡುತ್ತಿರಲಿಲ್ಲ. ಆಮೇಲೆ ದುಡ್ಡು ಕೇಳಿದರೆ "ಲೆಕ್ಕ ಬರೆದಿಲ್ಲ" ಅಂದಿರಿ. ಸುಳ್ಳು ಅಂತ ಆಗಲೇ ಗೊತ್ತಿತ್ತು. ನೀವು ಐದು ರೂಪಾಯಿ ಬಾಕಿಯನ್ನೂ ಬರೆದಿಡುವವರು, ಅಲ್ವಾ?

ಈ ಕವರಿನಲ್ಲಿ ಆ ವಾರದ ದುಡ್ಡಿದೆ, ನನ್ನ ಅಂದಾಜಿನಲ್ಲಿ. ಮಿಕ್ಕಿದ್ದು ಮಗಳ ಪುಸ್ತಕಕ್ಕೆ. ಸುಮ್ನೆ ಇಟ್ಟುಕೊಳ್ಳಿ, ವಾಪಸ್ ಕೊಟ್ಟರೆ ಜಗಳ ಆಡುತ್ತೇನೆ. ಅವಳು ಹೊಸ ಶಾಲೆಗೆ ಸೇರಿದ ದಿನ ಒಂದು ಫೋನ್ ಮಾಡಿಸಿ.

ಮೂಲೆ ಮನೆ ಮೇಡಂ